ಫಿರ್ದೋಸ್ ಬರೆದ ಮುನ್ನೂರು ಶಬ್ದ

ಶಹಾಬಾದದ ಫಿರ್ದೋಸ್ ಎದುರಿಗೆ ಮಾತಾಡಬೇಕಾದರೆ ಜನ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ. ನೀವು ಹೇಳಿದ್ದನ್ನು ಆಕೆ ಕೇಳುವುದೇ ಇಲ್ಲ. ಹೇಗೆ ಹೇಳಿದಿರಿ ಎಂಬುದನ್ನು ಕೇಳುತ್ತಾಳೆ. ಒಮ್ಮೆ ಪಕ್ಕದ ಮನೆಯಾತ ಓಡಿ ಬಂದು ತಮ್ಮ ಮನೆಯ ಸಿಲಿಂಡರಿಗೆ ಬೆಂಕಿ ಹತ್ತಿದೆ ಎಂದು ಕೂಗಿದರೆ, ಈಕೆ ನೀರಿನ ಬಕೆಟ್ ಎತ್ತಿಕೊಂಡು ಓಡುತ್ತಲೇ "ಅಣ್ಣಾ, ಈಗ ನೀ 'ಹತ್ಯದ' ಅಂದಿಯೋ 'ಹತ್ಯಾದ' ಅಂದಿಯೋ?" ಎಂದು ಕೇಳಿದಳಂತೆ. ಬೆಂಕಿ ಆರಿತು. ಆತ ಮಾತ್ರ ಅಂದಿನಿಂದ ಈಕೆಯ ಮುಂದೆ ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಾನೆ.

ಈ ಕೆಟ್ಟ ಚಟ ಬಂದದ್ದು ಅಜ್ಜಿ ಸೈದಾನಬಿಯಿಂದ. ಮನೆಯೊಳಗೆ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಎನ್ನುವಂಥ ಮನೆ ಅದು. ನಳದ ಮುಂದೆ ಆದ ಜಗಳವನ್ನು ಅಜ್ಜಿ ಮನೆಗೆ ಬಂದು ಹೇಳುವಾಗ ಮೂಲ ಜಗಳಕ್ಕಿಂತ ಎರಡು ಪಟ್ಟು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ನಳದ ಹತ್ತಿರ ಹೋಗಲಾಗದವರು ಇಲ್ಲಿಗೇ ಬಂದು ಕೂಡುತ್ತಿದ್ದರು. ಒಮ್ಮೆ ಅಜ್ಜಿ ಎಷ್ಟು ಚೆಂದ ಅಣಕಿಸಿದಳೆಂದರೆ, ಜಗಳವಾಡಿದ ಆ ಹೆಂಗಸೇ ಬೀದಿಯಲ್ಲಿ ಹೊರಟವಳು ತನ್ನ ದನಿ ಕೇಳಿ, ನಾನು ಇನ್ನೂ ಜಗಳದಲ್ಲೇ ಇದ್ದೀನಿ ಎಂದು ತಿಳಿದು ಒಳಗೆ ಬಂದು ಮುಂದುವರಿಸಿದಳು. "ನಾ ಅಂದೆ", "ಅಕಿ ಅಂದ್ಳು", "ಹಂಗಂತ ನಾ ಬಿಡ್ತೀನೇನು" ಎನ್ನುವ ಈ ಸುರಿಮಳೆಯಲ್ಲೇ ಫಿರ್ದೋಸ್ ಬೆಳೆದಳು. ಮುಂದೆ ಓದಿ, ಚಿತ್ತಾಪುರದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಪಿಎಚ್‌ಡಿಗೆ ಸೇರಿದಾಗ ಬೇರೆ ವಿಷಯ ಹುಡುಕುವ ಪ್ರಮೇಯವೇ ಬರಲಿಲ್ಲ.

ವಿಷಯ ಇಷ್ಟೇ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನಾವು ಆ ಮಾತಿನ ಕೊನೆಗೆ ಒಂದು ಗೂಟ ಹೊಡೆಯುತ್ತೇವೆ: "ನಾ ಬರಂಗಿಲ್ಲ ಅಂತ ಅಂದ." ಆ 'ಅಂತ'ವೇ ಗೂಟ. ಪಂಡಿತರು ಇದನ್ನು ಉದ್ಧರಣ ಸೂಚಕ ಎನ್ನುತ್ತಾರೆ. ಈಗಿನ ಹುಡುಗ ಹುಡುಗಿಯರು ಹಲವು ಸಲ ಈ ಗೂಟವನ್ನು ಕಿತ್ತು ಮಾತಿನ ಮುಂದಕ್ಕೆ ಬೇರೊಂದನ್ನು ನೆಡುತ್ತಾರೆ: "ಅಂವಾ ಹಿಂಗ — ನಾ ಬರಂಗಿಲ್ಲ!" ಎಂದು ಮುಖ ಸೊಟ್ಟ ಮಾಡಿ, ಕೈ ಬೀಸಿ ತೋರಿಸುತ್ತಾರೆ. ಹಿಂದೆ 'ಅಂತ'ವೂ ಇಲ್ಲ, 'ಅಂದ'ವೂ ಇಲ್ಲ. ಯಾರು, ಎಲ್ಲಿ, ಯಾವಾಗ ಹೀಗೆ ಮಾಡುತ್ತಾರೆ ಎಂದು ಫಿರ್ದೋಸ್ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿ ಕಾಲೇಜು ವಯಸ್ಸಿನವರನ್ನು ಕೂಡಿಸಿ ಕಥೆ ಹೇಳಿಸಿದಳು, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ ಅವರ ದನಿ ಮುದ್ರಿಸಿಕೊಂಡಳು. ಚಿಂಚೋಳಿ ಬಸ್ಸಿನಲ್ಲಿ ಆಕೆ ಕುಂತ ಸೀಟು ಈಗಲೂ ಆಕೆಯ ಆಕಾರದಲ್ಲೇ ತಗ್ಗಾಗಿದೆಯೆಂದು ಕಂಡಕ್ಟರ್ ಹೇಳುತ್ತಾನೆ.

ಇಷ್ಟೆಲ್ಲ ಮಾಡಿ ಕೊನೆಗೆ ಆಕೆಯ ಕುತ್ತಿಗೆ ಸಿಕ್ಕಿದ್ದು ಮುನ್ನೂರು ಶಬ್ದದಲ್ಲಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಸಮ್ಮೇಳನದಲ್ಲಿ ಕೆಲಸ ಮಂಡಿಸಿದ ಪ್ರಮಾಣಪತ್ರ ಲಗತ್ತಿಸಬೇಕೆಂದು ವಿಶ್ವವಿದ್ಯಾಲಯದ ನಿಯಮ. ಅವಧಿ ಒಮ್ಮೆ ವಿಸ್ತರಿಸಿಯಾಗಿತ್ತು, ಇನ್ನೊಮ್ಮೆ ಕೊಡುವುದಿಲ್ಲ ಎಂದು ಕಚೇರಿಯವರು ಹೇಳಿಯಾಗಿತ್ತು. ಬೇಸಿಗೆಯೊಳಗೆ ಉಳಿದದ್ದು ಮೈಸೂರಿನ ಒಂದೇ ಸಮ್ಮೇಳನ. ಅದಕ್ಕೆ ಮುನ್ನೂರು ಶಬ್ದದ ಸಾರಾಂಶ ಕಳಿಸಬೇಕು. ಬರೆದವರ ಹೆಸರು ಕಾಣದಂತೆ ಇಬ್ಬರು ಪರೀಕ್ಷಕರು ಓದಿ, ಒಪ್ಪಿದರೆ ಉಂಟು, ಇಲ್ಲದಿದ್ದರೆ ಐದು ವರ್ಷದ ತಿರುಗಾಟ ಚಿಂಚೋಳಿ ಬಸ್ಸಿನ ಸೀಟಿಗಷ್ಟೇ ಲಾಭ. ಕಡೆಯ ಗಡುವು ಶನಿವಾರ ಸಂಜೆ ಐದು ಗಂಟೆ.

ಆ ಶನಿವಾರ ಬೆಳಿಗ್ಗೆ ಸಾರಾಂಶ ತಯಾರಾಗಿತ್ತು, ಅದೂ ಬಹಳ ರುಚಿಕಟ್ಟಾಗಿ. ಐದೂ ಊರಲ್ಲಿ 'ಹಿಂಗ'ದ ಭರಾಟೆಯಲ್ಲಿ ವಾಡಿಯವರು ಎಲ್ಲರನ್ನೂ ಹಿಂದೆ ಹಾಕಿದ್ದರು, ಅದರಲ್ಲೂ ವಾಡಿಯ ಹುಡುಗಿಯರು. ನಾಲ್ಕು ದಿಕ್ಕಿನ ರೈಲು ಕೂಡುವ ಜಂಕ್ಷನ್ನು, ಅಲ್ಲಿಗೆ ಹೊಸ ಮಾತು ಮೊದಲು ಬಂದು ಇಳಿಯುತ್ತದೆ ಎಂದು ಫಿರ್ದೋಸ್ ಒಂದು ಚೆಂದದ ವಾಕ್ಯವನ್ನೂ ಹೊಸೆದಿದ್ದಳು. ಚಿತ್ತಾಪುರದಲ್ಲಿ ಮಾರ್ಗದರ್ಶಕರಾದ ಜಯತೀರ್ಥ ಸರ್ ಮನೆಯಲ್ಲಿ ಕೊನೆಯ ಸಲ ಓದಿ ಕಳಿಸುವುದೆಂದು ಮಾತಾಗಿತ್ತು. ದಾರಿಯಲ್ಲಿ ವಾಡಿಗೆ ಇಳಿದು ತಾಯಿಯ ತಮ್ಮ ಬಾಬುಮಿಯಾ ಮಾಮುವಿಗೆ ಸುದ್ದಿ ಹೇಳಿ ಹೋಗೋಣವೆಂದು ಒಂದು ಡಬ್ಬಿ ಶೀರಾ ಹಿಡಿದು ಹೊರಟಳು. ವಾಡಿಯಲ್ಲಿ ಹುಡುಗರನ್ನು ಒಟ್ಟು ಮಾಡಿಕೊಟ್ಟಿದ್ದು ಮಾಮುವೇ.

ಬಾಬುಮಿಯಾ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ವಾಡಿಯನ್ನು ಬಿಟ್ಟರೆ ಹಿಂದೂಸ್ತಾನದಲ್ಲಿ ಬೇರೆ ಊರಿಲ್ಲ, ಇದ್ದರೂ ವಾಡಿಯಲ್ಲಿ ಗಾಡಿ ಬದಲಿಸಿಯೇ ಅಲ್ಲಿಗೆ ಹೋಗಬೇಕು ಎಂಬುದು ಅವರ ಭೂಗೋಳ. ಮನೆಯ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕುಂತು ಶೀರಾ ತಿನ್ನುತ್ತ ಸುದ್ದಿ ಕೇಳಿದರು.

"ಮಾಮು, ವಾಡಿನೇ ಫಸ್ಟ್ ಬಂದದ. ಸೇಡಂ ಇಲ್ಲ, ಚಿತ್ತಾಪುರ ಇಲ್ಲ, ನಮ್ಮ ಶಹಾಬಾದ್ ಅಂತೂ ಎಲ್ಲೋ ಕಡೀಕ್."

"ಬರ್ದೇ ಏನ್ ಮಾಡ್ತದ ಬೇಟಿ? ಎರಡು ವಾರ ತಾಲೀಮ್ ಕೊಟ್ಟೀನಿ."

ಫಿರ್ದೋಸ್‌ಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಏನ್ ತಾಲೀಮ್ ಮಾಮು?"

"ಅರೇ, ಅವತ್ತು ಚಾ ಕುಡಿಯೋವಾಗ ನೀನೇ ಹೇಳ್ದಿ ಅಲ್ಲ, ಹುಡುಗ್ರು 'ಹಿಂಗ' ಅಂತಾರ, ನಾ ಅದು ಹುಡುಕ್ಲಿಕತ್ತೀನಿ ಅಂತ. ನಾ ಖಯಾಲ್ ಮಾಡ್ದೆ, ಪಾಪ, ನಮ್ಮ ಕೂಸು ಊರೂರು ತಿರಗಾಕತ್ತದ, ನಮ್ಮ ವಾಡಿಗೆ ಬಂದು ಖಾಲಿ ಕೈಲೆ ಹೋಗ್ಬೇಕಾ? ಮಶಾಕ, ಮುಕ್ರಮ, ಆ ಬಷೀರಾನ ಮಕ್ಕಳು ಎಲ್ಲಾರ್ನೂ ಇದೇ ಕಟ್ಟಿ ಮ್ಯಾಲ ಕುಂಡ್ರಿಸಿ ಹೇಳ್ದೆ, 'ನೋಡ್ರೋ, ಬಾಯಿಗಿ ಬಂದಂಗ ಅಂತ ಅಂತ ಅನ್ಬ್ಯಾಡ್ರಿ. ಹಿಂಗ ಅನ್ರಿ. ಹೆಚ್ಚಿಗಿ ಅಂದಾರಿಗಿ ಒಂದೊಂದು ಪ್ಲೇಟು ಮಿರ್ಚಿ ಭಜಿ.' ಹುಡುಗ್ಯಾರು ಭಾಳ ಹುಷಾರ್ ನೋಡು. ಎರಡು ಪ್ಲೇಟು ಹೊಡದ್ರು."

ನಮ್ಮ ಕಡೆ ಮನೆಗೆ ಬಂದವರು ಕುಂಬಳಕಾಯಿ ನೋಡಿ ಚೆಂದವಿದೆ ಎಂದರೆ ಬಳ್ಳಿಸಮೇತ ಕಿತ್ತು ಕೊಡುವ ಪದ್ಧತಿ. ಬಂದವರು ಏನು ಹುಡುಕುತ್ತಿದ್ದಾರೆಂದು ಗೊತ್ತಾದ ಮೇಲೆ ಅದಿಲ್ಲದೆ ಕಳಿಸಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಬಾಬುಮಿಯಾ ಇದೇ ಪದ್ಧತಿಯಲ್ಲಿ ಅಕ್ಕನ ಮಗಳಿಗೆ ದತ್ತಾಂಶವನ್ನು ಬಡಿಸಿದ್ದರು, ಎರಡನೇ ಸಲ ಕೇಳಿ ಕೇಳಿ. ತನ್ನ ವಿಷಯ ಏನೆಂದು ಮಾತುಗಾರರಿಗೆ ಮೊದಲೇ ಗೊತ್ತಾಗಬಾರದು, ಗೊತ್ತಾದರೆ ಸಹಜ ಮಾತು ಸಹಜವಾಗಿ ಉಳಿಯುವುದಿಲ್ಲ ಎಂದು ಫಿರ್ದೋಸ್ ಹುಡುಗರಿಗೆ ಬರೀ "ಕಥೆ ಹೇಳ್ರಿ" ಎಂದಿದ್ದಳು. ವಿಷಯ ಹೇಳಿದ್ದು ಒಬ್ಬ ಮಾಮುವಿಗೆ ಮಾತ್ರ. ಆದರೆ ಮಾಮುವಿಗೆ ಒಂದು ಮಾತು ಹೇಳುವುದೂ ವಾಡಿ ಸ್ಟೇಷನ್ನಿನ ಮೈಕಿನಲ್ಲಿ ಹೇಳುವುದೂ ಒಂದೇ. ಮೈಕಾದರೂ ಕೆಲವೊಮ್ಮೆ ಕೆಟ್ಟಿರುತ್ತದೆ.

"ಮಾಮು, ನನ್ನ ಕಥಿ ಮುಗೀತು" ಎಂದಳು ಫಿರ್ದೋಸ್.

"ಯಾಕ? ಕಮ್ಮಿ ಬಿತ್ತೇನು? ಇನ್ನೂ ಹತ್ತು ಹುಡುಗ್ರು ಕರೀಲಿ?"

ಕಮ್ಮಿ ಬಿದ್ದಿಲ್ಲ, ವಾಡಿಯನ್ನು ಪೂರ್ತಿ ತೆಗೆಯಬೇಕಾಗುತ್ತದೆ ಎಂದು ಆಕೆ ತಿಳಿಸಿ ಹೇಳುವಷ್ಟರಲ್ಲಿ ಚಿತ್ತಾಪುರದ ಗಾಡಿಯ ಹೊತ್ತಾಗಿತ್ತು. ವಾಡಿಯನ್ನು ತೆಗೆಯುವುದು ಎಂಬ ಮಾತು ಕೇಳಿದ ಬಾಬುಮಿಯಾ ಟೊಪ್ಪಿಗೆ ಸರಿಮಾಡಿಕೊಂಡು ತಾವೂ ಗಾಡಿ ಹತ್ತಿದರು. ಬೋಗಿಯಲ್ಲಿದ್ದವರಿಗೆಲ್ಲ ಈ ಅನ್ಯಾಯವನ್ನು ವಿವರಿಸಿದರು. ಚಿತ್ತಾಪುರ ಬರುವ ಹೊತ್ತಿಗೆ ಆ ಬೋಗಿಯಲ್ಲಿ ಉದ್ಧರಣ ಸೂಚಕದ ಬಗ್ಗೆ ಅಭಿಪ್ರಾಯವಿಲ್ಲದವರು ಒಬ್ಬರೂ ಉಳಿದಿರಲಿಲ್ಲ; ಹಾಲು ಕುಡಿಯುತ್ತಿದ್ದ ಒಂದು ಕೂಸು ಮಾತ್ರ ತಟಸ್ಥವಾಗಿತ್ತು.

ಜಯತೀರ್ಥ ಸರ್ ಅವರದು ಎಲ್ಲವನ್ನೂ ಅಳೆದು ಆಡುವ ಸ್ವಭಾವ. ಇಷ್ಟು ವರ್ಷದಲ್ಲಿ ಹೆಂಡತಿ ಅನಸೂಯಾಬಾಯಿಯವರ ಸಾರು ಚೆನ್ನಾಗಿದೆ ಎಂದು ಅವರು ಒಮ್ಮೆಯೂ ಹೇಳಿಲ್ಲ. "ಇವತ್ತು ಬಡಿಸಿದ ಮಟ್ಟಿಗೆ, ನಾ ಉಂಡ ಪ್ರಮಾಣದೊಳಗ, ಸಾರು ರುಚಿ ಇದ್ದಂಗ ತೋರ್ತದ" ಎನ್ನುತ್ತಾರೆ. ಅನಸೂಯಾಬಾಯಿಯವರು ಇದನ್ನು ಮದುವೆಯಾದ ಹೊಸದರಲ್ಲಿ ತಮಾಷೆ ಎಂದು ತಿಳಿದಿದ್ದರು. ಅಲ್ಲಿ ಆಗಲೇ ಸೇಡಮಿನಿಂದ ಪ್ರಮಿತಾ ಬಂದು ಲ್ಯಾಪ್‌ಟಾಪ್ ತೆರೆದು ಕುಂತಿದ್ದಳು. ಫಿರ್ದೋಸ್‌ಳ ಗೆಳತಿ, ಫಿರ್ದೋಸ್ ಗುರುತಿಸಿದ್ದು ಸರಿಯೇ ಎಂದು ನೋಡಲು ಧ್ವನಿಮುದ್ರಣಗಳ ಒಂದು ಪಾಲನ್ನು ತಾನೂ ಬೇರೆಯಾಗಿ ಕೇಳಿ ಗುರುತಿಸಿದವಳು. ಇಬ್ಬರ ಗುರುತುಗಳೂ ಬಹುಮಟ್ಟಿಗೆ ಕೂಡಿ ಬಂದಿದ್ದವು. "ಮಳಿ ಬರ್ತದಂತ" ಎಂಬ ಗಾಳಿಸುದ್ದಿಯ 'ಅಂತ', "ನೋಡೋಣಂತ ಬಂದೆ" ಎಂಬ ಉದ್ದೇಶದ 'ಅಂತ' ಇವನ್ನೆಲ್ಲ ಹೊರಗಿಟ್ಟು, ನಿಜವಾಗಿ ಒಬ್ಬರ ಮಾತನ್ನೋ ಯೋಚನೆಯನ್ನೋ ಆಡಿ ತೋರಿಸಿದ ಕಡೆಗಳನ್ನಷ್ಟೇ ಎಣಿಸಿದ್ದರು.

ಫಿರ್ದೋಸ್ ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನು ಹೇಳಿದಳು. ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾ ಮೈಸೂರಿನ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟೀನಲ್ಲ, ವಾಡಿಯೊಳಗ ಒಂದು ವಿಶೇಷ ಸಿಕ್ಕದ ಅಂತ" ಎಂದರು. ಜೀವಮಾನದಲ್ಲಿ ಒಮ್ಮೆ 'ಬಹುಶಃ' ಸೇರಿಸದೆ ಆಡಿದ ಮಾತು, ಅದೇ ಕೈಕೊಟ್ಟಿತ್ತು.

"ಅದಕ್ಕೇ ಹೇಳೋದ್ರೀ ಸರ್, ವಾಡಿ ಇರ್ಲಿ ಬಿಡ್ರಿ" ಎಂದರು ಬಾಬುಮಿಯಾ. "ಮೈಸೂರಿನವ್ರಿಗೆ ಯಾರ್ ಹೇಳ್ತಾರ? ನಾ ಅಂತೂ ಬಾಯಿ ಬಿಡಂಗಿಲ್ಲ."

"ಮಾಮು, ನೀವು ಒಂದು ಬೋಗಿಗೆ ಪೂರಾ ಹೇಳೀರಿ" ಎಂದಳು ಫಿರ್ದೋಸ್.

"ಅದು ಜನರಲ್ ಬೋಗಿ. ಅಲ್ಲಿ ಪ್ರೊಫೆಸರ್ ಯಾರಿದ್ರು?"

ಪ್ರಮಿತಾ ನಕ್ಕಳು, ಆಮೇಲೆ ಮೆಲ್ಲಗೆ ಹೇಳಿದಳು: "ಫಿರ್ದೋಸ್, ವಾಡಿ ಹೋದ್ರ ಉಳಿಯೋದು ಏನಂತ ನೋಡೋಣ. ಊರಿಂದ ಊರಿಗಿ ಫರಕು ಅನ್ನೋದು ಹೋಯ್ತದ. ಹುಡುಗ್ಯಾರು ಮುಂದಿದಾರ ಅನ್ನೋದೂ ಹೋಗಬಹುದು. ಸಪ್ಪಗಾದ್ರ ಮೈಸೂರಿನವ್ರು ತಗೋತಾರಾ?"

ಸರ್ ಕಿಟಕಿಯಾಚೆ ನೋಡುತ್ತ ಕುಂತರು. ಫಿರ್ದೋಸ್‌ಳ ಕಣ್ಣು ಆ ಜಂಕ್ಷನ್ನಿನ ವಾಕ್ಯದ ಮೇಲಿತ್ತು. ಅದನ್ನು ಆಕೆ ಹೆತ್ತ ಮಗುವಿನಂತೆ ಜೋಪಾನ ಮಾಡಿದ್ದಳು.

"ತಗೋತಾರೋ ಬಿಡ್ತಾರೋ" ಎಂದಳು ಕೊನೆಗೆ. "ಭಜಿ ತಿಂದು ಆಡಿದ ಮಾತಿಗಿ ಸಹಜ ಮಾತು ಅಂತ ಚೀಟಿ ಅಂಟ್ಸಿ ನಾ ಹ್ಯಾಂಗ ಕಳಿಸ್ಲಿ? ಪ್ರಮಿತಾ, ವಾಡಿ ತಗದು ಲೆಕ್ಕ ಹಚ್ಚು."

ಪ್ರಮಿತಾ ಹಚ್ಚಿದಳು. ಒಬ್ಬೊಬ್ಬ ಮಾತುಗಾರನಿಗೂ ತನ್ನದೇ ಒಲವು ಇರುತ್ತದೆಂದು ಅದನ್ನೂ ಒಳಗಿಟ್ಟುಕೊಂಡು ತೂಗುವ ಲೆಕ್ಕ ಅದು, ಒಬ್ಬ ಬಾಯಾಳಿಯಿಂದ ಇಡೀ ಊರಿಗೆ ಹೆಸರು ಬರದಂತೆ. ಹೇಳಿದಂತೆಯೇ ಆಯಿತು: ಊರುಗಳ ನಡುವಿನ ಫರಕು ಕರಗಿತು, ಹುಡುಗ ಹುಡುಗಿಯರ ನಡುವಿನ ಫರಕು ಇದೆ ಎನ್ನಲೂ ಆಗದಷ್ಟು, ಇಲ್ಲ ಎನ್ನಲೂ ಆಗದಷ್ಟು ಸಣ್ಣಗಾಯಿತು. ಒಂದೇ ಒಂದು ಮಾತ್ರ ಗಟ್ಟಿಯಾಗಿ ನಿಂತಿತು. ಬರೀ ಸುದ್ದಿ ಮುಟ್ಟಿಸುವಾಗ ಹುಡುಗರು 'ಅಂತ' ಬಿಟ್ಟಿರಲಿಲ್ಲ. ಮನಸ್ಸಿನೊಳಗಿನ ಮಾತು ಹೇಳುವಾಗ, ಇಲ್ಲವೇ ಯಾರನ್ನಾದರೂ ಅಣಕಿಸಿ ತೋರಿಸುವಾಗ 'ಹಿಂಗ'ದ ಕಡೆ ಹೊರಳುತ್ತಿದ್ದರು. ನಾಲ್ಕೂ ಊರಲ್ಲಿ ಹೀಗೇ.

"ಇದು ನಿಲ್ತದ" ಎಂದರು ಸರ್. ಸ್ವಲ್ಪ ತಡೆದು "ನಿಲ್ಲಬಹುದು" ಎಂದು ತಿದ್ದಿದರು. ಅವರ ಮುಖಕ್ಕೆ ಮತ್ತೆ ರಕ್ತ ಬಂತು.

ಬರೆಯಲು ಕುಂತರು. "ಯುವಜನರಲ್ಲಿ ಬದಲಾವಣೆ ಆಗುತ್ತಿದೆ" ಎಂದು ಫಿರ್ದೋಸ್ ಓದಿದರೆ ಸರ್ ಬೆರಳೆತ್ತಿದರು: "ಹಿರಿಯರನ್ನ ನೀನು ಮುದ್ರಿಸಿಕೊಂಡಿಯೇನು? ಇಲ್ಲ. ಮತ್ತ ಬದಲಾಗ್ಲಿಕತ್ತದ ಅಂತ ಹ್ಯಾಂಗ ಹೇಳ್ತಿ? ನಾವು ಮುದ್ರಿಸಿದ ಯುವಜನರ ಮಾತಿನೊಳಗ ವ್ಯತ್ಯಾಸ ಅದ. ಅಷ್ಟೇ ಬರಿ." ಒಳಗಿನಿಂದ ಅನಸೂಯಾಬಾಯಿ, "ಆಕಿಗರ ಒಂದು ವಾಕ್ಯ ಧೈರ್ಯಲೆ ಬರೀಲಿಕ್ಕೆ ಬಿಡ್ರಿ" ಎಂದರು. ಸರ್ ಅದನ್ನು ಮತ್ತೆ ಪರಿಶೀಲಿಸಬೇಕಾದ ಅಭಿಪ್ರಾಯವೆಂಬಂತೆ ತಲೆದೂಗಿದರು.

ತಕರಾರು ಎದ್ದದ್ದು ವಾಡಿಯ ವಾಕ್ಯ ಸೇರಿಸಿದಾಗ. ಐದು ಊರಲ್ಲಿ ಮುದ್ರಿಸಿ ನಾಲ್ಕನ್ನೇ ಬಳಸಿದ್ದೇಕೆಂದು ಹೇಳಲೇಬೇಕು, ಮುಚ್ಚಿಡುವುದು ಸರಿಯಲ್ಲ ಎಂದು ಫಿರ್ದೋಸ್ ಹಟ ಹಿಡಿದಳು. ಸೇರಿಸಿದರೆ ಮುನ್ನೂರು ದಾಟಿ ಒಂಬತ್ತು ಶಬ್ದ ಹೆಚ್ಚಾಯಿತು. ಜಂಕ್ಷನ್ನಿನ ವಾಕ್ಯ ಆಗಲೇ ಹೋಗಿತ್ತು.

"ಎರಡೆರಡು ಶಬ್ದ ಕೂಡಿಸಿ ಬರದ್ರ ಯಂತ್ರ ಒಂದೇ ಅಂತ ಎಣಿಸ್ತದ" ಎಂದಳು ಪ್ರಮಿತಾ.

"ಅದು ಮೋಸ" ಎಂದರು ಸರ್.

"ಸೇಡಂ ತಗೀರಿ. ಅಲ್ಲಿ ಏನದ?" ಎಂದರು ಬಾಬುಮಿಯಾ.

"ನಾ ಅದೀನ್ರೀ ಮಾಮು, ಸೇಡಂದಾಕಿ" ಎಂದಳು ಪ್ರಮಿತಾ.

"ನೀ ಇಲ್ಲಿಗಿ ಬಂದೀಯಲ್ಲ ಬೇಟಿ, ಈಗ ಅಲ್ಲಿ ಏನದ?"

ಕೊನೆಗೆ "ಅತ್ಯಂತ", "ಗಮನಾರ್ಹವಾಗಿ", "ಮೊಟ್ಟಮೊದಲ ಬಾರಿಗೆ" ಮುಂತಾದ ಗಟ್ಟಿಮುಟ್ಟಾದ ಶಬ್ದಗಳನ್ನು ಒಂದೊಂದಾಗಿ ಹೊರಗೆ ಹಾಕಿದರು. ಹೊರಗೆ ಹಾಕಿದ ಮೇಲೆ ಸಾರಾಂಶಕ್ಕೆ ಏನೂ ಕಮ್ಮಿಯಾದಂತೆ ಕಾಣಲಿಲ್ಲ. ಕಳಿಸುವ ಮೊದಲು ಫಿರ್ದೋಸ್ ನಡುವಿನ ಭಾಗವನ್ನು ಗಟ್ಟಿಯಾಗಿ ಓದಿದಳು:

"ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿಯ ಯುವಜನರ ಕಥನಗಳಲ್ಲಿ, ಇನ್ನೊಬ್ಬರ ಇಲ್ಲವೇ ತಮ್ಮದೇ ಮಾತು, ಯೋಚನೆ, ದನಿಯನ್ನು ನೇರವಾಗಿ ಆಡಿ ತೋರಿಸಿದ ಸಂದರ್ಭಗಳನ್ನು ಪರಿಗಣಿಸಲಾಗಿದೆ. ಐದನೆಯ ಊರಾದ ವಾಡಿಯ ಧ್ವನಿಮುದ್ರಣಗಳನ್ನು, ಮಾತುಗಾರರಿಗೆ ಅಧ್ಯಯನದ ವಿಷಯ ಮೊದಲೇ ತಿಳಿದಿದ್ದು ಆ ರೂಪವನ್ನು ಬಳಸಲು ಪ್ರೋತ್ಸಾಹ ದೊರೆತಿದ್ದರಿಂದ, ವಿಶ್ಲೇಷಣೆಯಿಂದ ಹೊರಗಿಡಲಾಗಿದೆ. ಯೋಚನೆ ಮತ್ತು ಅಣಕದ ಸಂದರ್ಭಗಳಲ್ಲಿ 'ಹಿಂಗ' ಬರುವ ಸಾಧ್ಯತೆ ಹೆಚ್ಚು. ಲಿಂಗ ಮತ್ತು ಊರಿನ ಪ್ರಭಾವದ ಬಗ್ಗೆ ಈ ಮಾದರಿಯಿಂದ ಖಚಿತವಾಗಿ ಹೇಳಲಾಗದು. ಹಿರಿಯರ ಮಾತು ಸಂಗ್ರಹಿಸಿಲ್ಲವಾದ್ದರಿಂದ ಇದು ಹೊಸ ಬದಲಾವಣೆಯೆಂಬ ವಾದ ನಮ್ಮದಲ್ಲ."

ಎಲ್ಲರೂ ಬಾಬುಮಿಯಾ ಕಡೆ ನೋಡಿದರು. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು.

"ಇನ್ನೊಮ್ಮಿ ಓದು ಬೇಟಿ." ಫಿರ್ದೋಸ್ ಓದಿದಳು. "ಸೇಡಂಗೆ ಎಷ್ಟು ಶಬ್ದ ಬಂದ್ವು?"

"ಒಂದು ಮಾಮು. ಊರಿನ ಹೆಸರು ಅಷ್ಟೇ."

"ಚಿತ್ತಾಪುರಕ್ಕ?"

"ಒಂದು."

"ನಮ್ಮ ವಾಡಿಗೆ ಒಂದು ಪೂರಾ ವಾಕ್ಯ!" ಮಾಮು ಮಡಚಿದ್ದ ಬೆರಳು ಬಿಚ್ಚಿದರು. "ಹೊರಗಿಟ್ಟಾರಂತ, ಇಡ್ಲಿ. ಹೊರಗಿಟ್ಟು ಎಷ್ಟು ಇಜ್ಜತ್‌ಲೆ ಮಾತಾಡ್ಯಾರ ನೋಡ್ರಿ. ಕಳಿಸು. ಆದ್ರ ಪ್ರೋತ್ಸಾಹ ಕೊಟ್ಟಾವ್ನ ಹೆಸರು?"

"ಯಾರ ಹೆಸರೂ ಹಾಕಂಗಿಲ್ಲ ಮಾಮು. ನಂದೇ ಹಾಕಂಗಿಲ್ಲ."

"ಹೆಸರಿಲ್ಲದ ಕಾಗದಕ್ಕ ಇಷ್ಟು ಬಡದಾಡ್ತೀರಾ?" ಎಂದು ಅವರು ಸರ್ ಅವರನ್ನು ಕನಿಕರದಿಂದ ನೋಡಿದರು. ಗಡಿಯಾರ ಐದಕ್ಕೆ ಇನ್ನೂ ಸ್ವಲ್ಪ ಇದೆ ಎನ್ನುವಾಗ ಫಿರ್ದೋಸ್ ಕಳಿಸಿದಳು.

ಉತ್ತರ ಬರುವವರೆಗಿನ ವಾರಗಳಲ್ಲಿ ಆಕೆ ಎಷ್ಟು ಸೊರಗಿದಳೆಂದರೆ, ಚಿತ್ತಾಪುರ ಕಾಲೇಜಿನ ಹಾಜರಿಯಲ್ಲಿ ವಿದ್ಯಾರ್ಥಿಗಳೇ ಆಕೆ ಇದ್ದಾಳೋ ಇಲ್ಲವೋ ಎಂದು ಎರಡು ಸಲ ನೋಡಿ ಗುರುತು ಹಾಕುತ್ತಿದ್ದರು. ಬಂದ ಉತ್ತರದಲ್ಲಿ ಒಬ್ಬ ಪರೀಕ್ಷಕರು "ಹೇಳಿಕೆ ಸಣ್ಣದು, ಆದರೆ ಆಧಾರದ ಅಳತೆಗೆ ಸರಿಯಾಗಿದೆ" ಎಂದಿದ್ದರು. ಇನ್ನೊಬ್ಬರು "ಸಪ್ಪೆ" ಎಂದು ಬರೆದು, ಆದರೂ ದತ್ತಾಂಶ ಹೊರಗಿಟ್ಟದ್ದನ್ನು ಬಚ್ಚಿಡದೆ ಹೇಳಿದ್ದಕ್ಕೆ ಒಪ್ಪಬಹುದು ಎಂದಿದ್ದರು. ಭಾಷಣಕ್ಕೆ ಅಲ್ಲ, ಗೋಡೆಗೆ ತೂಗುಹಾಕಿ ಮುಂದೆ ನಿಂತು ವಿವರಿಸುವ ಪೋಸ್ಟರಿಗೆ. ಪ್ರಮಾಣಪತ್ರಕ್ಕೆ ಪೋಸ್ಟರೂ ನಡೆಯುತ್ತದೆ ಎಂದು ಕಚೇರಿಯವರು ಹೇಳಿದಾಗ ಫಿರ್ದೋಸ್ ಅಲ್ಲೇ ಬೆಂಚಿನ ಮೇಲೆ ಕುಂತುಬಿಟ್ಟಳು.

ಮೈಸೂರಲ್ಲಿ ಪೋಸ್ಟರಿನ ಮುಂದೆ ನಿಂತಳು. ಬಂದವರು ಯಾರೂ ಯೋಚನೆ, ಅಣಕ, ಸಾಧ್ಯತೆ ಇವನ್ನು ಮೊದಲು ಕೇಳಲಿಲ್ಲ. ಬಂದವರೆಲ್ಲ ಒಂದೇ ಸಾಲಿನ ಮೇಲೆ ಬೆರಳಿಟ್ಟರು: "ಅಲ್ಲ ಮೇಡಂ, ಈ ವಾಡಿಯಲ್ಲಿ ಏನಾಯ್ತು?" ಆಕೆ ಹೇಳತೊಡಗಿದಳು. ಕಟ್ಟೆ, ತಾಲೀಮು, ಭಜಿ, ಎಲ್ಲಕ್ಕೂ ದನಿ ಬಂತು, ಕೈ ಬಂತು. ಪಕ್ಕದ ಪೋಸ್ಟರುಗಳ ಮುಂದಿದ್ದವರೂ ಇತ್ತ ಹೊರಳಿದರು. ನಕ್ಕು ಮುಗಿಸಿದ ಮೇಲೆ ಒಬ್ಬ ಹಿರಿಯರು ಅಲ್ಲೇ ನಿಂತು ಉಳಿದ ಪೋಸ್ಟರನ್ನೂ ಪೂರ್ತಿ ಓದಿ, ಹಿರಿಯರ ಮಾತನ್ನೂ ಮುದ್ರಿಸಿ ನೋಡಿ ಎಂದು ಹೇಳಿ ಹೋದರು.

ಪ್ರಮಾಣಪತ್ರ ಲಗತ್ತಾಯಿತು, ಪ್ರಬಂಧ ಸಲ್ಲಿಕೆಯಾಯಿತು. ಆ ಹಿರಿಯರ ಸಲಹೆ ಮಾತ್ರ ಹೇಗೋ ವಾಡಿಗೆ ಮುಟ್ಟಿತು. ಈಗ ಬಾಬುಮಿಯಾ ಕಟ್ಟೆಯ ಮೇಲೆ ತಮ್ಮ ವಾರಿಗೆಯವರನ್ನೆಲ್ಲ ಕೂಡಿಸಿಕೊಂಡಿದ್ದಾರೆ, ಏನು ಹುಡುಕಬೇಕಾಗಿದೆ ಎಂದು ಹೇಳದಿದ್ದರೆ ಭಜಿ ಆರಿಹೋಗುತ್ತದೆ ಎಂದು ದಿನಾ ಫೋನು. ಫಿರ್ದೋಸ್ ಈ ಸಲ ಏನು ಹುಡುಕುತ್ತಿದ್ದಾಳೆಂದು ಅಜ್ಜಿ ಸೈದಾನಬಿಗೂ ಹೇಳಿಲ್ಲ.